ಎಲ್‌ಆರ್‌ಯು ಕೋಷ್ಟಕ ತುಂಬಿಸಿದರೆ ಪಾಠ ಮುಗಿಯಿತೇ? ಕ್ಲಾಕ್ ಕ್ರಮವನ್ನು ಕಲಿಸುವ ಬಗ್ಗೆ ಒಂದು ಅಭಿಪ್ರಾಯ

ಸಹಪಾಠಿಗಳನ್ನೇ ವಿದ್ಯಾರ್ಥಿಗಳಾಗಿ ಕೂರಿಸಿಕೊಂಡು ಮಾಡುವ ಅಭ್ಯಾಸ ಪಾಠಕ್ಕೆ ನಾನು ಈ ಬಾರಿ ಆರಿಸಿಕೊಂಡದ್ದು ಆಪರೇಟಿಂಗ್ ಸಿಸ್ಟಮ್‌ನ ಪುಟ ಬದಲಾವಣೆ. ಬಿಎಸ್ಸಿಯಲ್ಲಿ ಓದಿದ ವಿಷಯ, ಲೆಕ್ಕವೂ ಚೆನ್ನಾಗಿ ಬರುತ್ತದೆ ಎಂಬ ಧೈರ್ಯವಿತ್ತು. ಮೂವತ್ತು ನಿಮಿಷ ಎರಡು ಬಣ್ಣದ ಸೀಮೆಸುಣ್ಣದಲ್ಲಿ ಎಲ್‌ಆರ್‌ಯು ಕೋಷ್ಟಕ ತುಂಬಿಸಿದೆ. ಉಳಿದ ಐದು ನಿಮಿಷದಲ್ಲಿ, 'ಇದರ ಅಂದಾಜು ರೂಪವೇ ಕ್ಲಾಕ್. ತಪ್ಪು ಮಾಡಿದ ಹುಡುಗನಿಗೆ ಇನ್ನೊಂದು ಅವಕಾಶ ಕೊಟ್ಟಂತೆ ಪುಟಕ್ಕೂ ಎರಡನೇ ಅವಕಾಶ ಕೊಡುತ್ತದೆ' ಎಂದು ಹೇಳಿ ಮುಗಿಸಿದೆ.

ಆಗ ಹಿಂದಿನ ಬೆಂಚಿನಿಂದ ಗಣಿತದ ಸಹಪಾಠಿಯೊಬ್ಬಳು ಕೈ ಎತ್ತಿದಳು. 'ಮೇಡಂ, ಯಾವ ಪುಟ ಎಷ್ಟು ಹಿಂದೆ ಬಳಕೆಯಾಯ್ತು ಅಂತ ನೀವು ಹಲಗೆ ಮೇಲೆ ಬೆರಳಿಟ್ಟು ಹಿಂದಕ್ಕೆ ಎಣಿಸಿದ್ರಿ. ಯಂತ್ರದ ಒಳಗೆ ಹಾಗೆ ಎಣಿಸೋರು ಯಾರು?'

'ಆಪರೇಟಿಂಗ್ ಸಿಸ್ಟಮ್' ಎಂದೆ. ಅವಳು ಕುಳಿತಳು. ವೀಕ್ಷಣಾ ಹಾಳೆಯಲ್ಲಿ ನಮ್ಮ ಮಾರ್ಗದರ್ಶಕರು 'ಈ ಉತ್ತರವನ್ನು ಪರಿಶೀಲಿಸಿ' ಎಂದಷ್ಟೇ ಬರೆದಿದ್ದರು. ಪರಿಶೀಲಿಸಿದೆ. ಉತ್ತರ ತಪ್ಪಾಗಿತ್ತು. ತಪ್ಪಿದ್ದು ಒಂದು ಪದವಲ್ಲ, ನಾನು ಪಾಠ ಕಟ್ಟಿದ ರೀತಿಯೇ. ಎಲ್‌ಆರ್‌ಯುವನ್ನು ಲೆಕ್ಕವಾಗಿಯೂ ಕ್ಲಾಕ್ ಅನ್ನು ಅಡಿಟಿಪ್ಪಣಿಯಾಗಿಯೂ ಕಲಿಸುವ ನಮ್ಮ ರೂಢಿ ವಿಷಯದ ತಿರುಳನ್ನೇ ಮರೆಮಾಡುತ್ತದೆ ಎಂಬುದು ನನ್ನ ಅಭಿಪ್ರಾಯ. ಏಕೆಂದು ಇಲ್ಲಿ ಹೇಳಲು ಪ್ರಯತ್ನಿಸುತ್ತೇನೆ.

ಎಣಿಸುವವರು ಯಾರು?

ಬೇರೆ ವಿಷಯದ ಪ್ರಶಿಕ್ಷಣಾರ್ಥಿ ಮಿತ್ರರಿಗಾಗಿ ಹಿನ್ನೆಲೆಯನ್ನು ಎರಡು ಮಾತಿನಲ್ಲಿ ಹೇಳುತ್ತೇನೆ. ಒಂದು ಪ್ರೋಗ್ರಾಮ್ ಬಳಸುವ ಸ್ಮೃತಿಯನ್ನು ಸಮಾನ ಗಾತ್ರದ ಪುಟಗಳಾಗಿ ಭಾಗಿಸಿರುತ್ತಾರೆ. ಪುಟದ ಗಾತ್ರ ಸಾಮಾನ್ಯವಾಗಿ 4 ಕಿಲೋಬೈಟ್. ನಿಜವಾದ ಸ್ಮೃತಿಯಲ್ಲಿ ಪುಟವೊಂದು ಕೂರುವ ಜಾಗವೇ ಫ್ರೇಮ್. ಪ್ರೋಗ್ರಾಮ್ ಕೇಳಿದ ಪುಟ ಯಾವ ಫ್ರೇಮಿನಲ್ಲೂ ಇಲ್ಲದಿದ್ದರೆ ಪೇಜ್ ಫಾಲ್ಟ್ ಆಗುತ್ತದೆ, ಪುಟವನ್ನು ಡಿಸ್ಕಿನಿಂದ ತರಬೇಕಾಗುತ್ತದೆ. ಫ್ರೇಮುಗಳೆಲ್ಲ ತುಂಬಿದ್ದರೆ ಇರುವ ಒಂದನ್ನು ಹೊರಹಾಕಬೇಕು. ಮೊದಲು ಬಂದದ್ದನ್ನು ಮೊದಲು ಕಳಿಸುವುದು ಫಿಫೊ. ಬಳಕೆಯಾಗಿ ಎಲ್ಲಕ್ಕಿಂತ ಹೆಚ್ಚು ಹೊತ್ತಾದ ಪುಟವನ್ನು ಕಳಿಸುವುದು ಎಲ್‌ಆರ್‌ಯು. ಈಚೆಗೆ ಬಳಸಿದ್ದು ಮತ್ತೆ ಬೇಕಾಗುವ ಸಂಭವ ಹೆಚ್ಚು ಎಂಬುದು ಎಲ್‌ಆರ್‌ಯುವಿನ ಹಿಂದಿರುವ ನಂಬಿಕೆ, ಬಹುಪಾಲು ಪ್ರೋಗ್ರಾಮುಗಳಲ್ಲಿ ಅದು ನಿಜವೂ ಹೌದು.

ಈಗ ಗೆಳತಿಯ ಪ್ರಶ್ನೆಗೆ ಬರೋಣ. ಕೇಳಿದ ಪುಟ ಸ್ಮೃತಿಯಲ್ಲೇ ಇದ್ದಾಗ ಏನಾಗುತ್ತದೆ? ಪ್ರೋಸೆಸರ್ ತಾನೇ ವಿಳಾಸವನ್ನು ಅನುವಾದಿಸಿ ಮಾಹಿತಿ ಓದಿಕೊಂಡು ಮುಂದೆ ಹೋಗುತ್ತದೆ. ಆ ಕ್ಷಣದಲ್ಲಿ ಆಪರೇಟಿಂಗ್ ಸಿಸ್ಟಮ್ ಓಡುತ್ತಲೇ ಇರುವುದಿಲ್ಲ. ಫಾಲ್ಟ್ ಆದಾಗ, ಇಲ್ಲವೇ ಟೈಮರ್ ಅಥವಾ ಇನ್ನಾವುದೋ ಅಡಚಣೆ ಬಂದಾಗ ಮಾತ್ರ ಅದಕ್ಕೆ ಸರದಿ ಸಿಗುತ್ತದೆ. ಪುಟ ಸಿಕ್ಕ ಸಂದರ್ಭಗಳು ಅದರ ಕಣ್ಣಿಗೇ ಬೀಳುವುದಿಲ್ಲ. ಎಲ್‌ಆರ್‌ಯುಗೆ ಬೇಕಾಗಿರುವುದು ಸರಿಯಾಗಿ ಅದೇ ಮಾಹಿತಿ. ನಾನು ಹಲಗೆಯ ಮೇಲೆ ಸಲೀಸಾಗಿ ಹಿಂದಕ್ಕೆ ಎಣಿಸಿದ್ದು ಯಂತ್ರದಲ್ಲಿ ಎಲ್ಲೂ ಬರೆದಿಟ್ಟಿರದ ಇತಿಹಾಸವನ್ನು.

ಬರೆದಿಡಬೇಕೆಂದರೆ ಖರ್ಚೆಷ್ಟು? 4 ಗಿಗಾಬೈಟ್ ಸ್ಮೃತಿಯಲ್ಲಿ 4 ಕಿಲೋಬೈಟಿನ ಫ್ರೇಮುಗಳು 10,48,576. ಪ್ರತಿ ಫ್ರೇಮಿನ ಪಕ್ಕ 8 ಬೈಟಿನ ಸಮಯದ ಗುರುತು ಇಟ್ಟರೆ 8 ಮೆಗಾಬೈಟ್ ಬೇಕು. ಜಾಗ ದೊಡ್ಡದಲ್ಲ, ಕೆಲಸ ದೊಡ್ಡದು. ಸ್ಮೃತಿಯನ್ನು ಪ್ರತಿ ಬಾರಿ ಮುಟ್ಟಿದಾಗಲೂ ಆ ಗುರುತನ್ನು ತಿದ್ದಬೇಕು. ಪುಟವೊಂದನ್ನು ಹೊರಹಾಕುವಾಗ ಹತ್ತು ಲಕ್ಷಕ್ಕೂ ಹೆಚ್ಚು ಗುರುತುಗಳಲ್ಲಿ ಅತಿ ಹಳೆಯದನ್ನು ಹುಡುಕಬೇಕು. ಹುಡುಕಾಟ ಬೇಡವೆಂದು ಪುಟಗಳನ್ನು ಬಳಕೆಯ ಕ್ರಮದಲ್ಲಿ ಸರಪಳಿಯಾಗಿ ಜೋಡಿಸಿದರೆ, ಪ್ರತಿ ಬಾರಿ ಮುಟ್ಟಿದಾಗ ಆ ಪುಟವನ್ನು ನಡುವಿನಿಂದ ಕಿತ್ತು ತುದಿಗೆ ತಂದು ಸೇರಿಸಬೇಕು. ಒಂದು ಸಲ ಓದುವುದಕ್ಕೆ ಹಲವು ಸಲ ಬರೆಯಬೇಕಾಗುತ್ತದೆ. ಕೆಲವೇ ಫಾಲ್ಟುಗಳನ್ನು ಉಳಿಸಲು ಹೋಗಿ ಎಲ್ಲ ಬಳಕೆಗಳನ್ನೂ ನಿಧಾನ ಮಾಡಿದಂತಾಗುತ್ತದೆ.

ಕ್ಲಾಕ್ ಹುಟ್ಟಿದ್ದು ಈ ಇಕ್ಕಟ್ಟಿನಿಂದ. ಇದನ್ನು ಹೇಳದೆ ಕ್ಲಾಕ್ ಹೇಳಿದರೆ ಅದು ಎಲ್‌ಆರ್‌ಯುಗಿಂತ ಕೊಂಚ ಕಳಪೆಯಾದ ಇನ್ನೊಂದು ಕ್ರಮವಾಗಿ ಮಾತ್ರ ಕಾಣುತ್ತದೆ. ನನ್ನ ಪಾಠದಲ್ಲಿ ಆದದ್ದೂ ಅದೇ.

ಒಂದು ಬಿಟ್, ಇಬ್ಬರ ಕೆಲಸ

ಮಸಾಚುಸೆಟ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ಫರ್ನಾಂಡೊ ಕೊರ್ಬಾಟೊ 1968ರಲ್ಲಿ ಮಲ್ಟಿಕ್ಸ್ ಎಂಬ ವ್ಯವಸ್ಥೆಯಲ್ಲಿ ಮಾಡಿದ ಪ್ರಯೋಗದ ವರದಿಯಲ್ಲಿ ಈ ಕ್ರಮವನ್ನು ವಿವರಿಸಿದರು. ಪೂರ್ತಿ ಇತಿಹಾಸ ಬೇಡ, ಪ್ರತಿ ಪುಟಕ್ಕೆ ಒಂದೇ ಒಂದು ಬಿಟ್ ಸಾಕು. ಅದಕ್ಕೆ ರೆಫರೆನ್ಸ್ ಬಿಟ್ ಎನ್ನುತ್ತಾರೆ. ಪುಟವನ್ನು ಮುಟ್ಟಿದಾಗ ಹಾರ್ಡ್‌ವೇರ್ ಆ ಬಿಟ್ಟನ್ನು 1 ಮಾಡುತ್ತದೆ. ವಿಳಾಸ ಅನುವಾದಿಸಲು ಪುಟಪಟ್ಟಿಯ ನಮೂದನ್ನು ನೋಡುವ ಕೆಲಸ ಹೇಗೂ ಅದರದ್ದೇ, ಆದ್ದರಿಂದ ಇದು ಹೆಚ್ಚುಕಡಿಮೆ ಬಿಟ್ಟಿಯಾಗಿ ಸಿಗುತ್ತದೆ. ನಮ್ಮ ಪ್ರಯೋಗಾಲಯದ ಕಂಪ್ಯೂಟರುಗಳಲ್ಲಿರುವಂಥ x86 ಪ್ರೋಸೆಸರುಗಳಲ್ಲಿ ಪುಟಪಟ್ಟಿಯ ಪ್ರತಿ ನಮೂದಿನ 5ನೇ ಬಿಟ್ ಇದಕ್ಕೇ ಮೀಸಲು.

ಹಾರ್ಡ್‌ವೇರ್ ಬಿಟ್ಟನ್ನು 1 ಮಾಡುತ್ತದೆಯೇ ಹೊರತು ತಾನಾಗಿ 0 ಮಾಡುವುದಿಲ್ಲ. 0 ಮಾಡುವುದು ಆಪರೇಟಿಂಗ್ ಸಿಸ್ಟಮ್‌ನ ಕೆಲಸ, ಅದೂ ಜಾಗ ಬೇಕಾದಾಗ ಮಾತ್ರ. ಫ್ರೇಮುಗಳನ್ನು ಗಡಿಯಾರದ ಮುಖದಂತೆ ವೃತ್ತದಲ್ಲಿ ಊಹಿಸಿಕೊಳ್ಳಿ, ಮುಳ್ಳೊಂದು ಯಾವುದೋ ಫ್ರೇಮಿನ ಮೇಲೆ ನಿಂತಿದೆ. ಫಾಲ್ಟ್ ಆದಾಗ ಆಪರೇಟಿಂಗ್ ಸಿಸ್ಟಮ್ ಮಾಡುವುದು ಇಷ್ಟೇ:

```
while (ref[hand] == 1) {
    ref[hand] = 0;
    hand = (hand + 1) % n;
}
victim = hand;
```

ಮುಳ್ಳಿನ ಕೆಳಗಿನ ಬಿಟ್ 1 ಇದ್ದರೆ 0 ಮಾಡಿ ಮುಂದೆ ಹೋಗು, 0 ಇದ್ದರೆ ಆ ಪುಟವನ್ನು ಹೊರಹಾಕು. ಹೊಸ ಪುಟವನ್ನು ಅದೇ ಜಾಗದಲ್ಲಿ ಕೂರಿಸಿ, ಅದರ ಬಿಟ್ಟನ್ನು 1 ಮಾಡಿ, ಮುಳ್ಳನ್ನು ಮುಂದಿನ ಫ್ರೇಮಿಗೆ ಸರಿಸಬೇಕು. ಪುಟ ಸ್ಮೃತಿಯಲ್ಲೇ ಸಿಕ್ಕಾಗ ಮುಳ್ಳು ಅಲುಗುವುದಿಲ್ಲ.

ಇಲ್ಲಿ 'ಎರಡನೇ ಅವಕಾಶ' ಎಂಬ ಹೆಸರೇ ತರಗತಿಯಲ್ಲಿ ಅಡ್ಡಿಯಾಗುತ್ತದೆ. ನಾನು ಕೊಟ್ಟ ತಪ್ಪಿತಸ್ಥ ಹುಡುಗನ ಹೋಲಿಕೆ ಕೇಳಿ ಇನ್ನೊಬ್ಬರು, 'ಮೂರನೇ ಅವಕಾಶ ಇಲ್ವಾ?' ಎಂದು ಕೇಳಿದ್ದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಅದು ನಗುವ ಪ್ರಶ್ನೆಯಲ್ಲ. ಪುಟವೊಂದು ಬಳಕೆಯಾಗುತ್ತಲೇ ಇದ್ದರೆ ಮೂರನೆಯದೂ ಮೂವತ್ತನೆಯದೂ ಅವಕಾಶ ಸಿಗುತ್ತದೆ. ಇಲ್ಲಿ ದಯೆಯೂ ಇಲ್ಲ, ತಪ್ಪೂ ಇಲ್ಲ. ನಡೆಯುವುದು ಒಂದು ಪರೀಕ್ಷೆ: ಕಳೆದ ಸಲ ಮುಳ್ಳು ಬಂದು ಹೋದಮೇಲೆ ಈ ಪುಟವನ್ನು ಯಾರಾದರೂ ಮುಟ್ಟಿದರೇ?

ಗ್ರಂಥಾಲಯದ ಹೋಲಿಕೆ ಇದಕ್ಕಿಂತ ಚೆನ್ನಾಗಿ ಒಪ್ಪುತ್ತದೆ. ಓದುವ ಮೇಜಿನ ಮೇಲೆ ಪುಸ್ತಕಗಳು ಬಿದ್ದಿವೆ, ಹೊಸದಕ್ಕೆ ಜಾಗವಿಲ್ಲ. ಯಾವ ಪುಸ್ತಕ ಬೇಕಾಗಿದೆ, ಯಾವುದು ಬೇಡ ಎಂದು ತಿಳಿಯಲು ಸಹಾಯಕರು ದಿನವಿಡೀ ಮೇಜಿನ ಬಳಿ ನಿಂತು ಕಾಯುವುದಿಲ್ಲ. ಜಾಗ ಬೇಕಾದಾಗ ಸುತ್ತಿ ಬರುತ್ತಾ ಪ್ರತಿ ಪುಸ್ತಕದೊಳಗೆ ಒಂದು ಚೀಟಿ ಇಡುತ್ತಾರೆ. ಪುಸ್ತಕ ತೆರೆದವರು ಚೀಟಿ ತೆಗೆದುಹಾಕುತ್ತಾರೆ. ಮುಂದಿನ ಸುತ್ತಿನಲ್ಲಿ ಚೀಟಿ ಹಾಗೇ ಇರುವ ಪುಸ್ತಕ ಸಿಕ್ಕರೆ ಅದು ಕಪಾಟಿಗೆ ಹೋಗುತ್ತದೆ. ಗುರುತು ಅಳಿಸುವ ಖರ್ಚು ಓದುಗರದು, ಗುರುತು ನೋಡುವ ಖರ್ಚು ಸಹಾಯಕರದು, ಅದೂ ಅಪರೂಪಕ್ಕೆ. ಚೀಟಿ ಇಲ್ಲದ ಎರಡು ಪುಸ್ತಕಗಳಲ್ಲಿ ಯಾವುದನ್ನು ಮೊದಲು ಓದಿದರು ಎಂದು ಮಾತ್ರ ಸಹಾಯಕರಿಗೆ ಗೊತ್ತಾಗುವುದಿಲ್ಲ. ಕ್ಲಾಕ್ ಬಿಟ್ಟುಕೊಡುವುದು ಅಷ್ಟನ್ನೇ.

ಒಂದು ಲೆಕ್ಕ, ಅದರ ಎದುರು ಇನ್ನೊಂದು

ಮೂರು ಫ್ರೇಮುಗಳಿರಲಿ. ಪುಟಗಳನ್ನು ಕೇಳುವ ಕ್ರಮ 1, 2, 3, 4, 2, 5, 2 ಎಂದಿರಲಿ.

ಮೊದಲ ಮೂರು ಖಾಲಿ ಫ್ರೇಮುಗಳಿಗೆ ಬರುತ್ತವೆ. ಮೂರರ ಬಿಟ್ಟೂ 1, ಮುಳ್ಳು ಸುತ್ತಿ ಬಂದು ಪುಟ 1ರ ಮೇಲೆ ನಿಂತಿದೆ. ಈಗ 4 ಬೇಕು. ಮುಳ್ಳು 1, 2, 3ರ ಬಿಟ್ಟುಗಳನ್ನು 0 ಮಾಡುತ್ತಾ ಸುತ್ತಿ ಮತ್ತೆ 1ಕ್ಕೆ ಬರುತ್ತದೆ. ಅಲ್ಲೀಗ 0 ಇದೆ, 1 ಹೊರಗೆ, 4 ಒಳಗೆ. ಮುಳ್ಳು 2ರ ಮೇಲೆ ನಿಲ್ಲುತ್ತದೆ. ಮುಂದೆ 2 ಕೇಳಿದಾಗ ಅದು ಸ್ಮೃತಿಯಲ್ಲಿದೆ, ಹಾರ್ಡ್‌ವೇರ್ ಅದರ ಬಿಟ್ಟನ್ನು 1 ಮಾಡುತ್ತದೆ. ಈಗ 5 ಬೇಕು. ಮುಳ್ಳಿನ ಕೆಳಗಿರುವ 2ರ ಬಿಟ್ 1, ಅದನ್ನು 0 ಮಾಡಿ ಮುಂದೆ ಹೋದರೆ 3ರ ಬಿಟ್ 0. 3 ಹೊರಗೆ, 5 ಒಳಗೆ. ಕೊನೆಯ 2 ಸ್ಮೃತಿಯಲ್ಲೇ ಸಿಗುತ್ತದೆ. ಒಟ್ಟು 5 ಫಾಲ್ಟ್.

ಎಲ್‌ಆರ್‌ಯುವೂ ಮೊದಲು 1ನ್ನು, ಆಮೇಲೆ 3ನ್ನು ಹೊರಹಾಕುತ್ತದೆ. ಅದರದ್ದೂ 5 ಫಾಲ್ಟ್. ಫಿಫೊ ಮಾತ್ರ 5 ಬಂದಾಗ ಆಗತಾನೇ ಬಳಸಿದ 2ನ್ನು ಹೊರಹಾಕಿ, ಮರುಕ್ಷಣವೇ ಅದನ್ನು ಮತ್ತೆ ತರಬೇಕಾಗುತ್ತದೆ. ಅದರದ್ದು 6. 2 ಬಳಕೆಯಲ್ಲಿದೆ ಎಂಬ ಸುದ್ದಿಯನ್ನು ಒಂದೇ ಬಿಟ್ ಮುಳ್ಳಿಗೆ ತಲುಪಿಸಿತು.

ಇಲ್ಲಿಗೇ ನಿಲ್ಲಿಸಿದರೆ ವಿದ್ಯಾರ್ಥಿಗಳು ಎರಡೂ ಒಂದೇ ಎಂದುಕೊಳ್ಳುತ್ತಾರೆ. ಆದ್ದರಿಂದ ಎದುರು ಲೆಕ್ಕವೊಂದು ಬೇಕೇ ಬೇಕು. ಮತ್ತೆ ಮೂರೇ ಫ್ರೇಮು, ಕ್ರಮ 1, 2, 3, 1, 4, 1.

ಮೂರು ಪುಟ ಬಂದಮೇಲೆ 1ನ್ನು ಮತ್ತೆ ಮುಟ್ಟಿದ್ದಾರೆ. ಅದರ ಬಿಟ್ ಮೊದಲೇ 1 ಇತ್ತು, ಈಗಲೂ 1. ಒಮ್ಮೆ ಮುಟ್ಟಿದ್ದಕ್ಕೂ ಹತ್ತು ಬಾರಿ ಮುಟ್ಟಿದ್ದಕ್ಕೂ ಬಿಟ್ಟಿಗೆ ವ್ಯತ್ಯಾಸ ತಿಳಿಯದು. 4 ಬಂದಾಗ ಎಲ್ಲ ಬಿಟ್ಟುಗಳೂ 1 ಆಗಿರುವುದರಿಂದ ಮುಳ್ಳು ಒಂದು ಸುತ್ತು ಹೊಡೆದು, ಹೊರಟಲ್ಲಿಗೇ ಬಂದು 1ನ್ನು ಹೊರಹಾಕುತ್ತದೆ. ಎಲ್ಲಕ್ಕಿಂತ ಈಚೆಗೆ ಬಳಸಿದ ಪುಟವೇ ಹೋಯಿತು. ಕೊನೆಯ 1ಕ್ಕೆ ಮತ್ತೆ ಫಾಲ್ಟ್. ಒಟ್ಟು 5. ಎಲ್‌ಆರ್‌ಯು 4 ಬಂದಾಗ 2ನ್ನು ಹೊರಹಾಕುತ್ತಿತ್ತು, ಅದರದ್ದು 4. ಫಿಫೊ ಲೆಕ್ಕ ಹಾಕಿ ನೋಡಿ, ಅದೂ 5.

ವಿದ್ಯಾರ್ಥಿಗಳು ಕಾಣಬೇಕಾದ ಮಿತಿ ಇದು: ಎಲ್ಲ ಬಿಟ್ಟುಗಳೂ 1 ಆಗಿದ್ದರೆ ಕ್ಲಾಕ್ ಬರೀ ಫಿಫೊ. ಬಿಟ್ಟುಗಳಲ್ಲಿ ಕೆಲವು 0, ಕೆಲವು 1 ಇದ್ದಾಗ ಮಾತ್ರ ಅದಕ್ಕೆ ಏನಾದರೂ ತಿಳಿದಿರುತ್ತದೆ. ಈ ಸ್ಥಿತಿಯನ್ನು ಗುರುತಿಸುವುದೂ ಸುಲಭ. ಒಂದು ಪುಟ ಹೊರಹಾಕಲು ಮುಳ್ಳು ಎಷ್ಟು ಫ್ರೇಮು ದಾಟಿತು ಎಂದು ಎಣಿಸಿದರೆ ಸಾಕು. ಪ್ರತಿ ಬಾರಿಯೂ ಹೆಚ್ಚುಕಡಿಮೆ ಇಡೀ ಸುತ್ತು ಹೊಡೆಯುತ್ತಿದ್ದರೆ ಬಿಟ್ಟುಗಳು ಏನನ್ನೂ ಹೇಳುತ್ತಿಲ್ಲ ಎಂದರ್ಥ.

ದೊಡ್ಡ ಸ್ಮೃತಿಯಲ್ಲಿ ಇದು ಬರೀ ಪುಸ್ತಕದ ಮಾತಲ್ಲ. ಫ್ರೇಮುಗಳು ಲಕ್ಷಗಟ್ಟಲೆ ಇದ್ದಾಗ ಮುಳ್ಳು ಒಂದು ಪುಟದ ಬಿಟ್ಟನ್ನು 0 ಮಾಡಿ ಮತ್ತೆ ಅಲ್ಲಿಗೆ ಬರಲು ಬಹಳ ಹೊತ್ತು ಹಿಡಿಯುತ್ತದೆ. ಅಷ್ಟರಲ್ಲಿ ಬಹುತೇಕ ಎಲ್ಲ ಪುಟಗಳನ್ನೂ ಯಾರಾದರೂ ಒಮ್ಮೆ ಮುಟ್ಟಿರುತ್ತಾರೆ. ಅದಕ್ಕಾಗಿ 4.3ಬಿಎಸ್‌ಡಿ ಯುನಿಕ್ಸ್‌ನಲ್ಲಿ ಎರಡು ಮುಳ್ಳುಗಳನ್ನು ಬಳಸಿದರು. ಮುಂದಿನ ಮುಳ್ಳು ಬಿಟ್ಟುಗಳನ್ನು 0 ಮಾಡುತ್ತಾ ಹೋಗುತ್ತದೆ, ನಿಗದಿತ ಅಂತರದಲ್ಲಿ ಹಿಂದಿನ ಮುಳ್ಳು ಬಂದು ನೋಡುತ್ತದೆ. ಚೀಟಿ ಇಟ್ಟು ಎಷ್ಟು ಹೊತ್ತಿನ ಮೇಲೆ ನೋಡಬೇಕು ಎಂಬುದನ್ನು ಮೇಜಿನ ಗಾತ್ರಕ್ಕೆ ಬಿಡದೆ ನಾವೇ ನಿರ್ಧರಿಸಿದಂತೆ ಇದು.

ಮರುಪಾಠದಲ್ಲಿ ಮಾಡಿದ್ದು

ಎರಡು ವಾರದ ನಂತರ ಅದೇ ಗುಂಪಿಗೆ ಮರುಪಾಠ ಮಾಡಿದೆ. ಈ ಸಲ ಕೋಷ್ಟಕದಿಂದ ಶುರು ಮಾಡಲಿಲ್ಲ. ಮೂರು ಕುರ್ಚಿಗಳನ್ನು ವೃತ್ತವಾಗಿ ಇಟ್ಟು, ಪ್ರತಿ ಕುರ್ಚಿಗೂ ಒಂದು ಬದಿ ಕೆಂಪು, ಇನ್ನೊಂದು ಬದಿ ಬಿಳಿ ಇರುವ ರಟ್ಟು ತೂಗುಹಾಕಿದೆ. ಒಬ್ಬರು ಹಾರ್ಡ್‌ವೇರ್: ಕರೆದ ಪುಟ ಕುರ್ಚಿಯಲ್ಲಿದ್ದರೆ ರಟ್ಟನ್ನು ಕೆಂಪಿಗೆ ತಿರುಗಿಸುವುದಷ್ಟೇ ಅವರ ಕೆಲಸ. ಇನ್ನೊಬ್ಬರು ಆಪರೇಟಿಂಗ್ ಸಿಸ್ಟಮ್: ಅವರು ಗೋಡೆಯ ಕಡೆ ಮುಖ ಮಾಡಿ ನಿಲ್ಲಬೇಕು, 'ಫಾಲ್ಟ್' ಎಂದು ಕೂಗಿದಾಗ ಮಾತ್ರ ತಿರುಗಬೇಕು. ಗೋಡೆಯ ಕಡೆ ನಿಲ್ಲಿಸಿದ್ದೇ ಇಡೀ ಚಟುವಟಿಕೆಯ ಮುಖ್ಯ ಭಾಗ.

ಮೊದಲು ಎಲ್‌ಆರ್‌ಯು ಆಡಿಸಿದೆ. ಎರಡನೇ ಲೆಕ್ಕದ ಕ್ರಮ ಕೊಟ್ಟು, 4 ಬಂದಾಗ 'ಈಗ ತಿರುಗಿ, ಯಾರನ್ನು ಕಳಿಸ್ತೀರಿ?' ಎಂದೆ. ಗೋಡೆ ನೋಡುತ್ತಿದ್ದವರು ತಿರುಗಿ, 'ನಂಗೆ ಹೇಗೆ ಗೊತ್ತಾಗ್ಬೇಕು? ನಾನು ನೋಡ್ಲೇ ಇಲ್ಲವಲ್ಲ!' ಎಂದರು. ಹಿಂದಿನ ಸಲ ಪ್ರಶ್ನೆ ಕೇಳಿದ್ದ ಗೆಳತಿ ನನ್ನ ಕಡೆ ನೋಡಿ ತಲೆಯಾಡಿಸಿದಳು. ಆಮೇಲೆ ರಟ್ಟುಗಳ ಪಾಠ ತಾನಾಗಿ ಸಾಗಿತು. ಎದುರು ಲೆಕ್ಕದಲ್ಲಿ ಮೂರೂ ರಟ್ಟು ಕೆಂಪಾಗಿದ್ದನ್ನು ಕಂಡು, 'ಹಾಗಾದ್ರೆ ಇದ್ರಿಂದ ಏನೂ ಗೊತ್ತಾಗಲ್ಲ' ಎಂದು ನಾನು ಹೇಳುವ ಮೊದಲೇ ಒಬ್ಬರು ಹೇಳಿದರು.

ಎರಡು ಆಕ್ಷೇಪ

ಪಾಠದ ನಂತರದ ಚರ್ಚೆಯಲ್ಲಿ ಎರಡು ಆಕ್ಷೇಪ ಬಂದವು. ಪರೀಕ್ಷೆಯಲ್ಲಿ ಕೇಳುವುದು ಫಾಲ್ಟುಗಳ ಸಂಖ್ಯೆ, ಎಲ್‌ಆರ್‌ಯು ಕೋಷ್ಟಕಕ್ಕೆ ಅಂಕ ಇದೆ, ಅದನ್ನು ಬಿಡಲಾದೀತೇ ಎಂಬುದು ಮೊದಲನೆಯದು. ಬಿಡಬೇಕೆಂದು ನಾನು ಹೇಳುತ್ತಿಲ್ಲ. ಎಲ್‌ಆರ್‌ಯು ಒಳ್ಳೆಯ ಅಳತೆಗೋಲು, ಅದನ್ನು ಅಳತೆಗೋಲಾಗಿಯೇ ಕಲಿಸೋಣ. ಕೋಷ್ಟಕದ ಕೊನೆಗೆ ಒಂದು ಸಾಲು ಸೇರಿಸಿದರೆ ಸಾಕು: ಈ ಕ್ರಮಕ್ಕೆ ಎಷ್ಟು ಬಾರಿ ದಾಖಲೆ ತಿದ್ದಬೇಕಾಯಿತು? ಒಂದು ಪ್ರೋಗ್ರಾಮ್ ಮೂರು ಫ್ರೇಮುಗಳಲ್ಲಿ 1,00,000 ಬಾರಿ ಪುಟ ಕೇಳಿ ಅದರಲ್ಲಿ 50 ಫಾಲ್ಟ್ ಆಯಿತು ಎಂದು ಇಟ್ಟುಕೊಳ್ಳಿ. ಎಲ್‌ಆರ್‌ಯು 1,00,000 ಬಾರಿ ಕ್ರಮ ತಿದ್ದಬೇಕು. ಕ್ಲಾಕ್ ಒಂದು ಫಾಲ್ಟಿಗೆ ಹೆಚ್ಚೆಂದರೆ ನಾಲ್ಕು ಬಾರಿ ನೋಡುತ್ತದೆ, ಒಟ್ಟು 200 ದಾಟುವುದಿಲ್ಲ. ಎರಡೂ ಸಂಖ್ಯೆ ಅಕ್ಕಪಕ್ಕ ಇದ್ದರೆ 'ಅಗ್ಗ' ಎಂಬ ಮಾತಿಗೆ ವಿವರಣೆ ಬೇಕಾಗುವುದಿಲ್ಲ.

ಎರಡನೆಯದು, ಹಾರ್ಡ್‌ವೇರಿನ ವಿಚಾರ ಈ ಹಂತದ ವಿದ್ಯಾರ್ಥಿಗಳಿಗೆ ಭಾರ ಎಂಬುದು. ಬಿಟ್ಟನ್ನು ಯಾರು ಬರೆಯುತ್ತಾರೆ ಎಂಬುದನ್ನು ಬಿಟ್ಟರೆ ಉಳಿಯುವುದು ವೃತ್ತದಲ್ಲಿ ಓಡುವ ಬಾಣವಷ್ಟೇ ಎಂಬುದು ನನ್ನ ಉತ್ತರ. ಆ ಬಿಟ್ ಎಷ್ಟು ಮುಖ್ಯವೆನ್ನಲು ವ್ಯಾಕ್ಸ್ ಯಂತ್ರವೇ ಸಾಕ್ಷಿ. ಅದರ ಹಾರ್ಡ್‌ವೇರಿನಲ್ಲಿ ರೆಫರೆನ್ಸ್ ಬಿಟ್ ಇರಲಿಲ್ಲ. ಬರ್ಕ್ಲಿಯಲ್ಲಿ ಯುನಿಕ್ಸ್‌ಗೆ ಪೇಜಿಂಗ್ ಸೇರಿಸುತ್ತಿದ್ದವರು, ಸ್ಮೃತಿಯಲ್ಲೇ ಇರುವ ಪುಟವನ್ನು 'ಇಲ್ಲ' ಎಂದು ಗುರುತು ಮಾಡಿಟ್ಟರು. ಅದನ್ನು ಮುಟ್ಟಿದಾಗ ಬೇಕೆಂದೇ ಒಂದು ಚಿಕ್ಕ ಫಾಲ್ಟ್ ಆಗುವಂತೆ ಮಾಡಿ, ಅದರಿಂದ ಬಳಕೆಯನ್ನು ತಿಳಿದುಕೊಂಡರು. ಡಿಸ್ಕಿಗೆ ಹೋಗಬೇಕಾಗಿಲ್ಲ, ಆದರೂ ಪ್ರತಿಯೊಂದಕ್ಕೂ ಖರ್ಚಿದೆ. ಒಂದು ಬಿಟ್ ಇಲ್ಲದ್ದಕ್ಕೆ ತೆತ್ತ ಬೆಲೆ ಅದು.

ಈ ಪಾಠಕ್ಕೆ ನಾನು ಈಗ ಬರೆದಿಟ್ಟುಕೊಂಡಿರುವ ಪಾಠ ಯೋಜನೆಯಲ್ಲಿ ಮೊದಲ ಪ್ರಶ್ನೆ 'ಎಲ್‌ಆರ್‌ಯು ಎಂದರೇನು?' ಅಲ್ಲ. 'ಪುಟ ಸ್ಮೃತಿಯಲ್ಲೇ ಸಿಕ್ಕಾಗ ಆಪರೇಟಿಂಗ್ ಸಿಸ್ಟಮ್‌ಗೆ ಅದು ಗೊತ್ತಾಗುತ್ತದೆಯೇ?' ಎಂಬುದು. ಈ ಪ್ರಶ್ನೆ ನನ್ನದಲ್ಲ, ಹಿಂದಿನ ಬೆಂಚಿನಿಂದ ಬಂದದ್ದು. ಈ ವಿಷಯವನ್ನು ಅಭ್ಯಾಸ ಬೋಧನೆಗೆ ಆರಿಸಿಕೊಳ್ಳುವವರು ಕೋಷ್ಟಕದ ಮೊದಲ ಗೆರೆ ಎಳೆಯುವ ಮುನ್ನ ಒಬ್ಬರನ್ನು ಗೋಡೆಯ ಕಡೆ ಮುಖ ಮಾಡಿ ನಿಲ್ಲಿಸಿ ಎಂದು ಕೇಳಿಕೊಳ್ಳುತ್ತೇನೆ.